ಷೇರುಪೇಟೆಗೆ ಹದಿನೈದು ನಿಮಿಷದ ಬ್ರೇಕ್: ಅಷ್ಟರಲ್ಲಿ ಏನಾಗುತ್ತದೆ?

ಪ್ರಶ್ನೆ: ಮಾರ್ಕೆಟ್ ಜೋರಾಗಿ ಬಿದ್ದ ದಿನ ಎಕ್ಸ್‌ಚೇಂಜ್‌ನವರು ಟ್ರೇಡಿಂಗನ್ನೇ ನಿಲ್ಲಿಸಿಬಿಡುತ್ತಾರೆ. ಮಾರಿ ಹೊರಗೆ ಬರೋಣ ಅನ್ನುವವರಿಗೆ ಇದು ಅನ್ಯಾಯ ಅಲ್ವಾ? ಹದಿನೈದು ನಿಮಿಷ ನಿಲ್ಲಿಸಿದರೆ ಬೀಳುವುದು ನಿಲ್ಲುತ್ತಾ? ಚೀನಾದಲ್ಲಿ ಶುರು ಮಾಡಿದ ವಾರದಲ್ಲೇ ಕೈಬಿಟ್ಟರಂತೆ. ಉಳಿದವರು ಯಾಕೆ ಇಟ್ಟುಕೊಂಡಿದ್ದಾರೆ?

ಉತ್ತರ:

ನಿಲ್ಲುತ್ತದೆ ಎಂದು ಯಾವ ಎಕ್ಸ್‌ಚೇಂಜೂ ಭರವಸೆ ಕೊಡುವುದಿಲ್ಲ. ಕಂಪನಿಗಳ ಬೆಲೆ ನಿಜವಾಗಿಯೂ ಇಳಿಯಬೇಕಾದಂಥ ಸುದ್ದಿ ಬಂದಿದ್ದರೆ, ಹದಿನೈದು ನಿಮಿಷ ಬಿಟ್ಟಾದರೂ ಅದು ಇಳಿದೇ ಇಳಿಯುತ್ತದೆ. ಸರ್ಕ್ಯೂಟ್ ಬ್ರೇಕರ್ ಎಂದು ಕರೆಯುವ ಈ ವಿರಾಮ ಇರುವುದು ಇನ್ನೊಂದು ಬಗೆಯ ಇಳಿತಕ್ಕೆ. ಕೊಳ್ಳುವವರು ಆ ಗಳಿಗೆಯಲ್ಲಿ ಎದುರಿಗಿರಲಿಲ್ಲ ಎನ್ನುವ ಒಂದೇ ಕಾರಣಕ್ಕೆ ಬೆಲೆ ಕುಸಿಯುತ್ತದಲ್ಲ, ಆ ಇಳಿತಕ್ಕೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಪರದೆಯ ಮೇಲೆ ಎರಡೂ ಕೆಂಪೇ. ಯಾವುದು ಯಾವುದು ಎಂದು ಗೊತ್ತಾಗಬೇಕಾದರೆ ಸ್ವಲ್ಪ ಹೊತ್ತು ಬೇಕು. ಆ ಹೊತ್ತನ್ನು ಒದಗಿಸುವುದಷ್ಟೇ ಈ ವಿರಾಮದ ಕೆಲಸ.

ಇದು ಅರ್ಥವಾಗಲು ಆರ್ಡರ್ ಬುಕ್, ಅಂದರೆ ಕೊಳ್ಳುವ ಮತ್ತು ಮಾರುವ ಆರ್ಡರ್‌ಗಳ ಪಟ್ಟಿಯ ಒಳಗೆ ಇಣುಕಬೇಕು. ಒಂದು ಷೇರಿನ ಬೆಲೆ 100 ಇದೆ ಎಂದುಕೊಳ್ಳಿ. ಕೊಳ್ಳುತ್ತೇವೆ ಎಂದು ಸಾಲಿನಲ್ಲಿ ನಿಂತಿರುವವರು ಇಷ್ಟು: 99.80ಕ್ಕೆ 200 ಷೇರು, 99.50ಕ್ಕೆ 300, 99ಕ್ಕೆ 500, 97ಕ್ಕೆ 400, ಆಮೇಲೆ 92ಕ್ಕೆ 600. ಈಗ ಯಾರೋ ಗಾಬರಿಯಾಗಿ, ಎಷ್ಟಕ್ಕಾದರೂ ಹೋಗಲಿ ಎಂದು 2,000 ಷೇರಿಗೆ ಮಾರ್ಕೆಟ್ ಆರ್ಡರ್ ಹಾಕಿದರು. ಯಂತ್ರ ಮೇಲಿನಿಂದ ಒಂದೊಂದೇ ಸಾಲನ್ನು ನುಂಗುತ್ತಾ ಕೆಳಗಿಳಿಯುತ್ತದೆ. ಕೊನೆಯ 600 ಷೇರು 92ಕ್ಕೆ ಹೋಗುತ್ತವೆ. ಷೇರು ಶೇ 8ರಷ್ಟು ಬಿತ್ತು. ಕಂಪನಿಯಲ್ಲಿ ಏನೂ ಆಗಿಲ್ಲ. ಆ ಒಂದು ಸೆಕೆಂಡಿನಲ್ಲಿ ಸಾಲು ತೆಳ್ಳಗಿತ್ತು, ಅಷ್ಟೇ.

ಮಾರಿದವರ ನಷ್ಟ ಇಲ್ಲಿ ಅಷ್ಟೇನೂ ದೊಡ್ಡದಲ್ಲ. ಲೆಕ್ಕ ಹಾಕಿ ನೋಡಿ, ಅವರಿಗೆ ಸರಾಸರಿ 96.66 ಸಿಕ್ಕಿದೆ. ತೊಂದರೆ ಇರುವುದು ಪರದೆಯ ಮೇಲೆ ಉಳಿದ ಆ 92ರಲ್ಲಿ. ಈಗ ಎಲ್ಲರೂ ಅದನ್ನೇ ಬೆಲೆ ಎಂದು ಓದುತ್ತಾರೆ. ಬೆಲೆ 95ಕ್ಕೆ ಇಳಿದರೆ ಮಾರಿಬಿಡಿ ಎಂದು ಮೊದಲೇ ಸ್ಟಾಪ್ ಲಾಸ್ ಇಟ್ಟವರ ಆರ್ಡರ್‌ಗಳು ತಾವಾಗಿಯೇ ಎದ್ದು ನಿಲ್ಲುತ್ತವೆ. ಸಾಲ ಮಾಡಿ ಷೇರು ಕೊಂಡವರ ಖಾತೆಯಲ್ಲಿ ಮಾರ್ಜಿನ್, ಅಂದರೆ ಭದ್ರತೆಗೆ ಇಡಬೇಕಾದ ಹಣ ಕಡಿಮೆ ಬೀಳುತ್ತದೆ, ಬ್ರೋಕರ್ ಅವರ ಷೇರನ್ನು ಮಾರಲು ಹೊರಡುತ್ತಾನೆ. ಇವೆಲ್ಲ ಮತ್ತೆ ಮಾರುವ ಆರ್ಡರ್‌ಗಳೇ, ಅದೂ ಇನ್ನಷ್ಟು ತೆಳ್ಳಗಾದ ಸಾಲಿನ ಮೇಲೆ. ಒಂದು ಇಳಿತ ಇನ್ನೊಂದನ್ನು ಹುಟ್ಟಿಸುತ್ತದೆ. ಇದರಲ್ಲಿ ಯಾರೂ ಕೂತು ಯೋಚಿಸಿ ಮಾರುತ್ತಿಲ್ಲ ಎಂಬುದನ್ನು ಗಮನಿಸಿ.

ಇದೇ ಜಾಗದಲ್ಲಿ ವ್ಯಾಪಾರವನ್ನು ನಿಲ್ಲಿಸಿದರೆ ಏನಾಗುತ್ತದೆ? ಆ 2,000 ಷೇರು ಹಾಗೇ ಕಾಯುತ್ತವೆ. ಸುದ್ದಿ ಹರಡುತ್ತದೆ. ಈ ಷೇರು 97ರ ಆಸುಪಾಸಿನಲ್ಲಿ ಸಿಕ್ಕಿದರೆ ಬೇಕು ಎನ್ನುವವರು ಎಲ್ಲೋ ಇರುತ್ತಾರೆ. ಆದರೆ ಅವರು ಆಗ ಪರದೆಯ ಮುಂದೆ ಕೂತಿರಲಿಲ್ಲ. ಈಗ ಬಂದು 97.50ಕ್ಕೆ 900 ಷೇರು ಕೊಳ್ಳುವ ಆರ್ಡರ್ ಹಾಕಿದರು ಎನ್ನೋಣ. ವಿರಾಮದ ಕೊನೆಯಲ್ಲಿ ಸಾಮಾನ್ಯವಾಗಿ ಹರಾಜಿನಂತೆ ಒಂದೇ ಬೆಲೆ ಕಟ್ಟುತ್ತಾರೆ. ಅದಕ್ಕೆ ಕಾಲ್ ಆಕ್ಷನ್ ಎನ್ನುತ್ತಾರೆ. ಜಾಸ್ತಿ ಷೇರು ಕೈಬದಲಾಗುವ ಬೆಲೆ ಯಾವುದೋ ಅದೇ ಬೆಲೆ. ನಮ್ಮ ಲೆಕ್ಕದಲ್ಲಿ 97.50 ಮತ್ತು ಅದಕ್ಕಿಂತ ಮೇಲೆ ಕೊಳ್ಳುವವರು 1,900 ಷೇರಿಗೆ ಸಿಗುತ್ತಾರೆ. 97ಕ್ಕೆ ಇಳಿದರೆ 2,300 ಆಗುತ್ತದೆ. ಮಾರುವುದು 2,000. ಹಾಗಾಗಿ ಬೆಲೆ 97ಕ್ಕೆ ನಿಲ್ಲುತ್ತದೆ, ಅಷ್ಟೂ ಷೇರು ಅದೇ ಬೆಲೆಗೆ ಹೋಗುತ್ತವೆ. ಪರದೆಯ ಮೇಲೆ 92 ಎಂಬ ಅಂಕಿ ಬರುವುದೇ ಇಲ್ಲ. 95ರ ಸ್ಟಾಪ್ ಲಾಸ್‌ಗಳು ಮಲಗಿದ್ದಲ್ಲೇ ಇರುತ್ತವೆ.

ಬೆಲೆ ಇಲ್ಲೂ ಇಳಿದಿದೆ. ಆದರೆ ಸರಪಳಿ ಶುರುವಾಗಲಿಲ್ಲ.

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. 2010ರ ಮೇ 6ರ ಮಧ್ಯಾಹ್ನ ಅಮೆರಿಕದಲ್ಲಿ ಇದು ಸೆಕೆಂಡುಗಳ ಲೆಕ್ಕದಲ್ಲಿ ದಾಖಲಾಗಿದೆ. ಅದನ್ನು ಫ್ಲ್ಯಾಶ್ ಕ್ರ್ಯಾಶ್ ಎಂದು ಕರೆಯುತ್ತಾರೆ. ಅಲ್ಲಿನ ದೊಡ್ಡ ಕಂಪನಿಗಳ ಎಸ್ ಆಂಡ್ ಪಿ 500 ಸೂಚ್ಯಂಕದ ಮೇಲೆ ಇ-ಮಿನಿ ಎಂಬ ಫ್ಯೂಚರ್ಸ್ ಕಾಂಟ್ರ್ಯಾಕ್ಟ್ ಇದೆ, ಮುಂದಿನ ಒಂದು ದಿನದ ವ್ಯವಹಾರಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ ಅದು. ಒಬ್ಬ ದೊಡ್ಡ ಹೂಡಿಕೆದಾರರು ಅದರಲ್ಲಿ 75,000 ಕಾಂಟ್ರ್ಯಾಕ್ಟ್ ಮಾರುವ ಕೆಲಸವನ್ನು ಕಂಪ್ಯೂಟರ್ ಪ್ರೋಗ್ರಾಂಗೆ ಒಪ್ಪಿಸಿದ್ದರು. ಆವತ್ತು ಪೇಟೆ ಮೊದಲೇ ಅಳುಕಿನಲ್ಲಿತ್ತು. ಕೊಳ್ಳುವವರು ಒಬ್ಬೊಬ್ಬರಾಗಿ ಹಿಂದೆ ಸರಿದರು. 2 ಗಂಟೆ 45 ನಿಮಿಷ 13 ಸೆಕೆಂಡಿನಿಂದ 27ನೇ ಸೆಕೆಂಡಿನ ತನಕ, ಅಂದರೆ ಹದಿನಾಲ್ಕು ಸೆಕೆಂಡಿನಲ್ಲಿ, ಅತಿ ವೇಗದ ಟ್ರೇಡಿಂಗ್ ಕಂಪ್ಯೂಟರ್‌ಗಳು 27,000ಕ್ಕೂ ಹೆಚ್ಚು ಕಾಂಟ್ರ್ಯಾಕ್ಟ್ ವ್ಯಾಪಾರ ಮಾಡಿದವು. ಕೊಂಡದ್ದರಲ್ಲಿ ಮಾರಿದ್ದನ್ನು ಕಳೆದರೆ ಅವು ಇಟ್ಟುಕೊಂಡದ್ದು ಸುಮಾರು 200 ಮಾತ್ರ. ಒಂದು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಸುಮ್ನೆ ದಾಟಿಸುತ್ತಿದ್ದವು. ವ್ಯಾಪಾರದ ಪ್ರಮಾಣ ನೋಡಿದವರಿಗೆ ಪೇಟೆ ತುಂಬಿ ತುಳುಕುತ್ತಿದೆ ಎನಿಸುತ್ತಿತ್ತು. ನಿಜವಾಗಿ ಕೊಳ್ಳುವವರು ಇರಲೇ ಇಲ್ಲ.

28ನೇ ಸೆಕೆಂಡಿಗೆ ಷಿಕಾಗೋದ ಎಕ್ಸ್‌ಚೇಂಜ್‌ನ ವ್ಯವಸ್ಥೆ ತಾನಾಗಿಯೇ ಇ-ಮಿನಿ ವ್ಯಾಪಾರವನ್ನು ನಿಲ್ಲಿಸಿತು. ಎಷ್ಟು ಹೊತ್ತು ಗೊತ್ತಾ? ಐದು ಸೆಕೆಂಡು. ಮತ್ತೆ ಶುರುವಾದಾಗ ಬೆಲೆ ನಿಂತಿತು, ಆಮೇಲೆ ಏರತೊಡಗಿತು. ನಿಲ್ಲಿಸುವುದಕ್ಕೆ ಇಷ್ಟು ಚಿಕ್ಕ ವಿರಾಮವೂ ಸಾಕಾಯಿತು, ಯಾಕೆಂದರೆ ಅಲ್ಲಿ ಸೋತಿದ್ದದ್ದು ಸಾಲು, ಸುದ್ದಿಯಲ್ಲ. ಆದರೆ ಒಂದೊಂದೇ ಷೇರಿಗೆ ಆಗ ಇಂಥ ಬ್ರೇಕ್ ಇರಲಿಲ್ಲ. ಇ-ಮಿನಿ ಚೇತರಿಸಿಕೊಳ್ಳುತ್ತಿದ್ದ ಹೊತ್ತಿನಲ್ಲೇ ಕೆಲವು ಒಳ್ಳೆಯ ಕಂಪನಿಗಳ ಷೇರು ಒಂದು ಸೆಂಟಿಗೆ ಮಾರಾಟವಾದವು. ಆಮೇಲೆ ಅಂಥ ಎಷ್ಟೋ ವ್ಯಾಪಾರಗಳನ್ನು ರದ್ದು ಮಾಡಬೇಕಾಯಿತು. ಒಂದೊಂದು ಷೇರಿಗೂ ಪ್ರತ್ಯೇಕ ವಿರಾಮ ಕೊಡುವ ನಿಯಮ ಅಮೆರಿಕದಲ್ಲಿ ಬಂದದ್ದು ಇದಾದ ಮೇಲೆ.

ಇಡೀ ಪೇಟೆಗೆ ಬ್ರೇಕ್ ಹಾಕುವ ಯೋಚನೆ ಇದಕ್ಕಿಂತ ಹಳೆಯದು. 1987ರ ಅಕ್ಟೋಬರ್ 19, ಸೋಮವಾರ. ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇ 22.6 ಬಿತ್ತು. ಬೆಲೆ ಇಳಿದಂತೆಲ್ಲ ತಾನಾಗಿ ಫ್ಯೂಚರ್ಸ್ ಮಾರುವ ಪೋರ್ಟ್‌ಫೋಲಿಯೊ ಇನ್ಶೂರೆನ್ಸ್ ಎಂಬ ತಂತ್ರವನ್ನು ದೊಡ್ಡ ದೊಡ್ಡ ನಿಧಿಗಳು ಆಗ ಬಳಸುತ್ತಿದ್ದವು. ನಾವು ಮಾರುವಾಗ ಕೊಳ್ಳುವವರು ಇದ್ದೇ ಇರುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತಿದ್ದ ತಂತ್ರ ಅದು. ಎಲ್ಲರೂ ಒಟ್ಟಿಗೆ ಮಾರಲು ಬಂದಾಗ ಆ ನಂಬಿಕೆ ಸುಳ್ಳಾಯಿತು. ನ್ಯೂಯಾರ್ಕ್ ಎಕ್ಸ್‌ಚೇಂಜ್‌ನ ಯಂತ್ರಗಳು ಆರ್ಡರ್‌ಗಳ ಹೊರೆ ತಾಳಲಾರದೆ ಹಿಂದೆ ಬಿದ್ದವು. ತಮ್ಮ ಷೇರು ಎಷ್ಟಕ್ಕೆ ಹೋಯಿತು ಎಂದು ತಿಳಿಯುವ ಮೊದಲೇ ಜನ ಮತ್ತೆ ಮಾರುತ್ತಿದ್ದರು.

ಆಮೇಲೆ ನಿಕೋಲಸ್ ಬ್ರೇಡಿ ಅವರ ಅಧ್ಯಕ್ಷತೆಯ ಸಮಿತಿ 1988ರ ಜನವರಿಯಲ್ಲಿ ವರದಿ ಕೊಟ್ಟಿತು. ಷೇರು, ಫ್ಯೂಚರ್ಸ್, ಆಪ್ಷನ್ಸ್ ಎಂದು ಬೇರೆ ಬೇರೆ ಹೆಸರಿದ್ದರೂ ಇದೆಲ್ಲ ಒಂದೇ ಪೇಟೆ, ನಿಲ್ಲಿಸಿದರೆ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ ಎಂದಿತು. ವಿರಾಮ ಯಾಕೆ ಬೇಕು ಎನ್ನುವುದಕ್ಕೆ ಅದು ಕೊಟ್ಟ ಕಾರಣಗಳಲ್ಲಿ ನನಗೆ ಬಹಳ ಮುಖ್ಯ ಎನಿಸುವುದು ಹಣದ ವಿಷಯ. ಪೇಟೆ ಬಿದ್ದಾಗ ನಷ್ಟದಲ್ಲಿರುವವರು, ಎರಡು ಕಡೆಯ ಹಣದ ಲೆಕ್ಕ ತೀರಿಸುವ ಕ್ಲಿಯರಿಂಗ್ ಸಂಸ್ಥೆಗೆ ಮಾರ್ಜಿನ್ ಕಟ್ಟಬೇಕು. ಅದು ಬಂದ ಮೇಲೇ ಲಾಭದಲ್ಲಿರುವವರಿಗೆ ಹಣ ಹೋಗುವುದು. ಈ ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಓಡಾಡಲು ಹೊತ್ತು ಹಿಡಿಯುತ್ತದೆ. ಬೆಲೆ ಮಾತ್ರ ಸೆಕೆಂಡಿಗೊಮ್ಮೆ ಬೀಳುತ್ತಿರುತ್ತದೆ. ಎದುರಿನ ಬ್ರೋಕರ್ ಹತ್ತಿರ ಕಟ್ಟಲು ಹಣ ಇದೆಯೋ ಇಲ್ಲವೋ ಎಂಬ ಅನುಮಾನ ಹುಟ್ಟಿತೆಂದರೆ ಮುಗಿಯಿತು. ಬೆಲೆ ಎಷ್ಟೇ ಅಗ್ಗವಾಗಿರಲಿ, ಕೊಳ್ಳಲು ಯಾರೂ ಮುಂದೆ ಬರುವುದಿಲ್ಲ. ವಿರಾಮದಲ್ಲಿ ಯಾರು ಎಷ್ಟು ಕಟ್ಟಬೇಕು, ಯಾರು ಕಟ್ಟಿದ್ದಾರೆ ಎಂಬ ಲೆಕ್ಕ ಸ್ವಲ್ಪವಾದರೂ ಸರಿಯಾಗುತ್ತದೆ. ಹೊರಗಿನವರಿಗೆ ಖಾಲಿ ಖಾಲಿಯಾಗಿ ಕಾಣುವ ಆ ಹದಿನೈದು ನಿಮಿಷ, ಬ್ರೋಕರ್ ಕಚೇರಿಗಳ ಮಾರ್ಜಿನ್ ವಿಭಾಗದಲ್ಲಿ ದಿನದ ಅತ್ಯಂತ ಗಡಿಬಿಡಿಯ ಹೊತ್ತು.

ಈಗ ಇವತ್ತಿನ ನಿಯಮ ಹೇಗೆ ನಡೆಯುತ್ತದೆ ನೋಡೋಣ. ಅಮೆರಿಕದಲ್ಲಿ ಎಸ್ ಆಂಡ್ ಪಿ 500 ಹಿಂದಿನ ದಿನದ ಮುಕ್ತಾಯಕ್ಕಿಂತ ಶೇ 7 ಇಳಿದರೆ 15 ನಿಮಿಷ ವಿರಾಮ. ಶೇ 13 ಇಳಿದರೆ ಮತ್ತೆ 15 ನಿಮಿಷ. ಶೇ 20 ಇಳಿದರೆ ಆ ದಿನದ ಆಟ ಮುಗಿಯಿತು. ಮೊದಲ ಎರಡು ಮೆಟ್ಟಿಲುಗಳು ಮಧ್ಯಾಹ್ನ 3.25ರ ಮೇಲೆ ಅನ್ವಯಿಸುವುದಿಲ್ಲ, ಪೇಟೆ ಹೇಗೂ 4ಕ್ಕೆ ಮುಚ್ಚುತ್ತದೆ. ಒಂದು ಮೆಟ್ಟಿಲಿಗೆ ದಿನಕ್ಕೆ ಒಂದೇ ಸಲ ವಿರಾಮ.

2020ರ ಮಾರ್ಚ್ 6, ಶುಕ್ರವಾರ ಸೂಚ್ಯಂಕ 2972.37ಕ್ಕೆ ಮುಗಿದಿತ್ತು. ಹಾಗಾಗಿ ಸೋಮವಾರದ ಗಡಿಗಳು ಪೇಟೆ ತೆರೆಯುವ ಮೊದಲೇ ಎಲ್ಲರಿಗೂ ಗೊತ್ತಿದ್ದವು: ಶೇ 7 ಎಂದರೆ ಸುಮಾರು 2764, ಶೇ 13 ಎಂದರೆ ಸುಮಾರು 2586, ಶೇ 20 ಎಂದರೆ ಸುಮಾರು 2378. ವಾರಾಂತ್ಯದಲ್ಲಿ ಕಚ್ಚಾ ತೈಲದ ಬೆಲೆ ಸಮರ ಶುರುವಾಗಿತ್ತು, ಕೊರೊನಾ ಭಯ ಅದರ ಜೊತೆ ಸೇರಿತ್ತು. 9.30ಕ್ಕೆ ಪೇಟೆ ತೆರೆಯಿತು. 9.34ಕ್ಕೆ ಮೊದಲ ಗಡಿ ಮುಟ್ಟಿತು. 9.49ರ ತನಕ ಎಲ್ಲ ನಿಂತಿತು. ಆಮೇಲೆ ಇಡೀ ದಿನ ವ್ಯಾಪಾರ ನಡೆದು ಸೂಚ್ಯಂಕ 2746.56ಕ್ಕೆ ಮುಗಿಯಿತು. ವಿರಾಮ ಬಂದ ಮಟ್ಟಕ್ಕಿಂತ ಹದಿನೆಂಟು ಅಂಶ ಮಾತ್ರ ಕೆಳಗೆ. ಎರಡನೇ ಗಡಿಯ ಹತ್ತಿರವೂ ಸುಳಿಯಲಿಲ್ಲ.

ವಿರಾಮದಿಂದಲೇ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ವಿರಾಮ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ತೋರಿಸಲು ಯಾರಿಂದಲೂ ಸಾಧ್ಯವಿಲ್ಲ. ಅದೇ ತಿಂಗಳ 12ರಂದು ಮತ್ತೆ ಶೇ 7ಕ್ಕೆ ವಿರಾಮ ಬಂತು, ದಿನದ ಕೊನೆಗೆ ಇಳಿತ ಶೇ 9.5 ಆಗಿತ್ತು. 16ರಂದು ಪೇಟೆ ತೆರೆಯುತ್ತಲೇ ವಿರಾಮ, ಕೊನೆಗೆ ಶೇ 12ರ ಇಳಿತ. 18ರಂದು ಮಧ್ಯಾಹ್ನ ವಿರಾಮ, ಕೊನೆಗೆ ಶೇ 5.2. ಭಾರತದಲ್ಲಿ ಮೊದಲ ಗಡಿ ಶೇ 10. ಅದೂ ಅದೇ ಮಾರ್ಚ್‌ನಲ್ಲಿ ಎರಡು ಸಲ ಮುಟ್ಟಿತು. 13ರಂದು 45 ನಿಮಿಷದ ವಿರಾಮದ ನಂತರ ಸೆನ್ಸೆಕ್ಸ್ ತಿರುಗಿ ಸುಮಾರು ಶೇ 4 ಏರಿಕೆಯಲ್ಲಿ ದಿನ ಮುಗಿಸಿತು. 23ರಂದು ಅದೇ 45 ನಿಮಿಷದ ವಿರಾಮದ ನಂತರ ಇನ್ನೂ ಇಳಿದು ಶೇ 13ರಷ್ಟು ನಷ್ಟದಲ್ಲಿ ಮುಗಿಸಿತು. ಅದೇ ನಿಯಮ, ಅದೇ ತಿಂಗಳು, ಫಲ ಮಾತ್ರ ತದ್ವಿರುದ್ಧ. ಹಾಗಾಗಿ ದಿನದ ಕೊನೆಯ ಅಂಕಿ ನೋಡಿ ವಿರಾಮ ಗೆದ್ದಿತೋ ಸೋತಿತೋ ಎಂದು ತೀರ್ಮಾನಿಸಬೇಡಿ. ನೋಡಬೇಕಾದದ್ದು ವಿರಾಮ ಮುಗಿದ ಮೇಲಿನ ಮೊದಲ ಕೆಲವು ನಿಮಿಷ. ಕೊಳ್ಳುವವರೂ ಮಾರುವವರೂ ಇಬ್ಬರೂ ಸಾಲಿಗೆ ಮರಳಿದ್ದಾರಾ? ಎರಡು ಕಡೆಯ ಬೆಲೆಗಳ ನಡುವಿನ ಅಂತರ ಕಿರಿದಾಗಿದೆಯಾ? ಹಾಗಿದ್ದರೆ ವಿರಾಮ ತನ್ನ ಕೆಲಸ ಮಾಡಿದೆ, ಬೆಲೆ ಆಮೇಲೆ ಎತ್ತ ಹೋದರೂ ಸರಿ.

ಚೀನಾದಲ್ಲಿ ಕೆಟ್ಟದ್ದು ಇದೇ ಜಾಗದಲ್ಲಿ. ನೀವು ಕೇಳಿದ್ದು ನಿಜ, ನಿಯಮ ಬಂದ ಮೇಲೆ ನಾಲ್ಕೇ ದಿನ ವ್ಯಾಪಾರ ನಡೆದದ್ದು. ಆ ನಾಲ್ಕು ದಿನ ಬ್ರೇಕ್ ಹೇಗಿರಬಾರದು ಎಂಬುದನ್ನು ಚೆನ್ನಾಗಿ ತೋರಿಸಿಕೊಟ್ಟವು.

2016ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿನ ನಿಯಮ ಹೀಗಿತ್ತು: ದೊಡ್ಡ ಷೇರುಗಳ ಸಿಎಸ್‌ಐ 300 ಸೂಚ್ಯಂಕ ಶೇ 5 ಏರಿದರೆ ಅಥವಾ ಇಳಿದರೆ 15 ನಿಮಿಷ ವಿರಾಮ, ಶೇ 7 ಆದರೆ ದಿನಪೂರ್ತಿ ಬಂದ್. ಅಮೆರಿಕದ ಅಂಕಿಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಅಮೆರಿಕದಲ್ಲಿ ಮೊದಲ ವಿರಾಮಕ್ಕೂ ದಿನದ ಬಂದ್‌ಗೂ ನಡುವೆ ಹದಿಮೂರು ಶೇಕಡಾ ಅಂಶದ ಅಂತರ, ನಡುವೆ ಇನ್ನೊಂದು ಮೆಟ್ಟಿಲು ಬೇರೆ. ಇಲ್ಲಿ ಬರೀ ಎರಡು. ಅದೂ ಹಿಂದಿನ ಬೇಸಿಗೆಯಿಂದ ಒಂದೇ ಸಮನೆ ಹೊಯ್ದಾಡುತ್ತಿದ್ದ ಪೇಟೆಯಲ್ಲಿ.

ವರ್ಷದ ಮೊದಲ ವ್ಯಾಪಾರದ ದಿನ ಜನವರಿ 4. ಕಾರ್ಖಾನೆಗಳ ಉತ್ಪಾದನೆಯ ಸುದ್ದಿ ಚೆನ್ನಾಗಿರಲಿಲ್ಲ. ದೊಡ್ಡ ಷೇರುದಾರರು ಮಾರಬಾರದು ಎಂದು ಹಿಂದಿನ ಜುಲೈನಲ್ಲಿ ಹಾಕಿದ್ದ ಆರು ತಿಂಗಳ ನಿರ್ಬಂಧ ಆ ವಾರವೇ ಮುಗಿಯುವುದರಲ್ಲಿತ್ತು. ಊಟದ ಬಿಡುವಿನ ನಂತರ, ಮಧ್ಯಾಹ್ನ 1.12ರ ಹೊತ್ತಿಗೆ ಸೂಚ್ಯಂಕ ಶೇ 5ರ ಗಡಿ ದಾಟಿತು. 1.27ಕ್ಕೆ ಮತ್ತೆ ತೆರೆಯಿತು. ಏಳೆಂಟು ನಿಮಿಷದೊಳಗೆ ಶೇ 7 ಮುಟ್ಟಿ ದಿನದ ವ್ಯಾಪಾರವೇ ನಿಂತಿತು.

ಆ ಏಳೆಂಟು ನಿಮಿಷದಲ್ಲಿ ಒಬ್ಬ ಫಂಡ್ ಮ್ಯಾನೇಜರ್ ಕುರ್ಚಿಯಲ್ಲಿ ಕೂತು ನೋಡಿ. ಸೂಚ್ಯಂಕ ಶೇ 5.5 ಕೆಳಗಿದೆ. ನಾಳೆ ಹೂಡಿಕೆದಾರರು ಹಣ ವಾಪಸ್ ಕೇಳಬಹುದು, ನಗದು ಬೇಕು. ನಾಳೆ ಮಾರಿದರಾಯಿತು ಎಂದು ಬೆಳಿಗ್ಗೆ ಅಂದುಕೊಂಡಿದ್ದಿರಿ. ಈಗ ಇನ್ನು ಒಂದೂವರೆ ಶೇಕಡಾ ಅಂಶ ಇಳಿದರೆ ಇವತ್ತು ಮಾರಲು ಆಗುವುದೇ ಇಲ್ಲ. ನಾಳೆಯ ಬೆಲೆ ದೇವರೇ ಬಲ್ಲ. ನಿಮಗೆ ಈಗಲೇ ಮಾರಬೇಕಾದ ತುರ್ತು ಇಲ್ಲದಿದ್ದರೂ ಈಗಲೇ ಮಾರುತ್ತೀರಿ. ಕೊಳ್ಳುವವರ ಕಡೆಯಿಂದಲೂ ಯೋಚಿಸಿ. ಚೀನಾದಲ್ಲಿ ಇವತ್ತು ಕೊಂಡ ಷೇರನ್ನು ಇವತ್ತೇ ಮಾರುವಂತಿಲ್ಲ. ಇನ್ನು ಐದು ನಿಮಿಷದಲ್ಲಿ ಪೇಟೆಯೇ ಮುಚ್ಚಬಹುದು. ಹಾಗಿದ್ದ ಮೇಲೆ ಈಗ ಕೊಳ್ಳುವ ಅವಸರ ಏನು? ನಾಳೆ ಇನ್ನೂ ಅಗ್ಗಕ್ಕೆ ಸಿಗಬಹುದಲ್ಲ. ಹೀಗೆ ನಾಳೆಯ ಮಾರಾಟ ಇವತ್ತಿಗೆ ಬಂತು, ಇವತ್ತಿನ ಖರೀದಿ ನಾಳೆಗೆ ಹೋಯಿತು. ಬ್ರೇಕ್ ಇದೆ ಎನ್ನುವುದೇ ಬೆಲೆಯನ್ನು ಬ್ರೇಕ್‌ನ ಕಡೆಗೆ ಎಳೆಯಿತು. ಇದಕ್ಕೆ ಮ್ಯಾಗ್ನೆಟ್ ಎಫೆಕ್ಟ್ ಎನ್ನುತ್ತಾರೆ. ಹೀಗಾಗಬಹುದು ಎಂದು ಅವನಿಧರ್ ಸುಬ್ರಹ್ಮಣ್ಯಂ ಎಂಬ ಹಣಕಾಸು ವಿದ್ವಾಂಸರು 1994ರಲ್ಲೇ ಬರೆದಿದ್ದರು.

ಸೋಮವಾರದ ಪಾಠವನ್ನು ಎಲ್ಲರೂ ಕಲಿತಿದ್ದರು. ಗುರುವಾರ, ಜನವರಿ 7ರ ಬೆಳಿಗ್ಗೆ ಯುವಾನ್‌ನ ಮೌಲ್ಯವನ್ನು ಕೇಂದ್ರ ಬ್ಯಾಂಕ್ ಇಳಿಸಿತ್ತು. 9.30ಕ್ಕೆ ಪೇಟೆ ತೆರೆಯಿತು, 9.42ಕ್ಕೆ ಶೇ 5ರ ವಿರಾಮ. ಆ ಹದಿನೈದು ನಿಮಿಷದಲ್ಲಿ ಕೊಳ್ಳುವವರು ಸೇರಬೇಕಿತ್ತು. ಸೇರಿದ್ದು ಮಾರುವವರು. 9.57ಕ್ಕೆ ಬಾಗಿಲು ತೆರೆದು ಒಂದೆರಡು ನಿಮಿಷ ಆಗುವಷ್ಟರಲ್ಲಿ ಶೇ 7 ಮುಟ್ಟಿತು. ಇಡೀ ದಿನದಲ್ಲಿ ನಿಜವಾದ ವ್ಯಾಪಾರ ನಡೆದದ್ದು ಕಾಲು ಗಂಟೆಯೂ ಇಲ್ಲ. ಅವತ್ತು ರಾತ್ರಿಯೇ ಅಲ್ಲಿನ ನಿಯಂತ್ರಣ ಸಂಸ್ಥೆ ನಿಯಮವನ್ನು ಅಮಾನತಿನಲ್ಲಿಟ್ಟಿತು. ಮರುದಿನ ಬ್ರೇಕ್ ಇಲ್ಲದ ಪೇಟೆ ಸುಮಾರು ಶೇ 2 ಏರಿತು.

ಇದರಲ್ಲಿ ತಪ್ಪು ಎಲ್ಲಿತ್ತು? ಮೊದಲ ವಿರಾಮದ ನಂತರ ಬೆಲೆಗೆ ಓಡಾಡಲು ಜಾಗವೇ ಇರಲಿಲ್ಲ. ನಾನು ಯಾವುದೇ ಎಕ್ಸ್‌ಚೇಂಜ್‌ನ ನಿಯಮ ಓದುವಾಗ ಮೊದಲು ನೋಡುವುದು ಈ ಅಂತರವನ್ನೇ. ಗಡಿ ಶೇ 5ಕ್ಕಿದೆಯೋ ಶೇ 10ಕ್ಕಿದೆಯೋ ಎನ್ನುವುದು ಆಮೇಲಿನ ಮಾತು. ಮುಂದಿನ ಗಡಿ ದೂರ ಇದ್ದರೆ, ವಿರಾಮ ಮುಗಿದ ಮೇಲೆ ಮಾರುವವರಿಗೆ ಇಡೀ ದಿನ ಕೈಯಲ್ಲಿದೆ ಎಂಬ ಧೈರ್ಯ ಇರುತ್ತದೆ. ಅಮೆರಿಕಕ್ಕೂ ಈ ಅನುಭವ ಮೊದಲೇ ಆಗಿತ್ತು. 1997ರ ಅಕ್ಟೋಬರ್ 27ರಂದು ಡೌ 350 ಅಂಶ ಬಿದ್ದಾಗ ಅರ್ಧ ಗಂಟೆ ವಿರಾಮ ಕೊಟ್ಟರು. ಮುಂದಿನ ಗಡಿ 550 ಅಂಶ. ತೆರೆದ ಅರ್ಧ ಗಂಟೆಯೊಳಗೆ ಇನ್ನೂ 200 ಅಂಶ ಬಿದ್ದು ಪೇಟೆ ದಿನಕ್ಕೆ ಮುಚ್ಚಿತು. ಆಗ ಆ 550 ಅಂಶ ಎಂದರೆ ಶೇ 7 ಮಾತ್ರ. ಸೂಚ್ಯಂಕ ವರ್ಷಗಳಿಂದ ಏರಿದ್ದರಿಂದ ಅಂಶಗಳ ಲೆಕ್ಕದ ಗಡಿಗಳು ತಾವಾಗಿಯೇ ಹತ್ತಿರ ಹತ್ತಿರ ಬಂದುಬಿಟ್ಟಿದ್ದವು. ಅಂಶ ಬಿಟ್ಟು ಶೇಕಡಾ ಲೆಕ್ಕ ಹಿಡಿದದ್ದು ಇದಾದ ಮರುವರ್ಷ.

ಹಾಗಾದರೆ ಒಂದೇ ಸಲ ಉದ್ದಕ್ಕೆ ಮುಚ್ಚಿಬಿಟ್ಟರೆ ಆಗದೇ ಎಂದು ನೀವು ಕೇಳಬಹುದು. ಹಾಂಗ್‌ಕಾಂಗ್ 1987ರಲ್ಲಿ ಅದನ್ನೂ ಮಾಡಿ ನೋಡಿತು. ಅಕ್ಟೋಬರ್ 20ರಿಂದ ನಾಲ್ಕು ದಿನ ಪೇಟೆ ಮುಚ್ಚಿತ್ತು. 26ರಂದು ತೆರೆದಾಗ ಹ್ಯಾಂಗ್ ಸೆಂಗ್ ಸೂಚ್ಯಂಕ ಒಂದೇ ದಿನ ಶೇ 33 ಬಿತ್ತು. ಫ್ಯೂಚರ್ಸ್ ವ್ಯಾಪಾರಕ್ಕೆ ಗ್ಯಾರಂಟಿ ಕೊಟ್ಟಿದ್ದ ಸಂಸ್ಥೆಗೆ ಹೊರಗಿನಿಂದ ಹಣ ತುಂಬಬೇಕಾಯಿತು. ನಾಲ್ಕು ದಿನ ಯಾರಿಗೂ ಬೆಲೆ ಗೊತ್ತಿಲ್ಲ. ಯಾರ ನಷ್ಟ ಎಷ್ಟು ಎಂದು ಗೊತ್ತಿಲ್ಲ. ನಷ್ಟ ತನ್ನ ಶಕ್ತಿ ಮೀರಿದ್ದು ಎಂದು ಗೊತ್ತಾದವರು ಹಣ ಕಟ್ಟದೆ ಕೈಎತ್ತಲು ಸಾಕಷ್ಟು ಹೊತ್ತು ಸಿಕ್ಕಿತು. ವಿರಾಮ ಬೆಲೆ ಹುಡುಕಲು ನೆರವಾಗಬೇಕು. ದಿನಗಟ್ಟಲೆ ಎಳೆದರೆ ಬೆಲೆಯನ್ನೇ ಮರೆಮಾಡುತ್ತದೆ.

ಅನ್ಯಾಯದ ಮಾತಿಗೆ ಬರುತ್ತೇನೆ. ಮಾರಬೇಕಾದವರಿಗೆ ತೊಂದರೆ ಆಗುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಅದೇ ದಿನ ಹಣ ಬೇಕಾದವರಿಗೆ, ಆಪ್ಷನ್ಸ್ ಮುಗಿಯುವ ದಿನ ಸಿಕ್ಕಿಹಾಕಿಕೊಂಡವರಿಗೆ, ಇಲ್ಲಿ ಕೊಂಡು ಅಲ್ಲಿ ಮಾರುವ ಜೋಡಿ ವ್ಯಾಪಾರದಲ್ಲಿ ಒಂದು ಕಡೆ ಮಾತ್ರ ನಿಂತುಹೋಗಿ ಸಿಕ್ಕಿಕೊಂಡವರಿಗೆ ಇದು ನಿಜವಾದ ನಷ್ಟ. ಆದರೆ ನಿಮ್ಮಂಥ ಸಣ್ಣ ಹೂಡಿಕೆದಾರರ ಬಗ್ಗೆ ಹೇಳುವುದಾದರೆ, ಆ ಗಾಬರಿಯ ನಿಮಿಷಗಳಲ್ಲಿ ಸಾಲಿನ ತುದಿಯ 92ರ ಬೆಲೆ ಸಿಗುವುದು ಹೆಚ್ಚಾಗಿ ನಿಮಗೇ. ವೇಗದ ಕಂಪ್ಯೂಟರ್ ಇದ್ದವರು 99ಕ್ಕೇ ಮಾರಿ ಹೋಗಿರುತ್ತಾರೆ. ವಿರಾಮದ ನಂತರದ ಹರಾಜಿನಲ್ಲಿ ಎಲ್ಲರಿಗೂ ಒಂದೇ ಬೆಲೆ. ನನ್ನ ಪ್ರಕಾರ ನಿಧಾನಸ್ಥರಿಗೆ ಅದು ಹೆಚ್ಚು ನ್ಯಾಯದ ವ್ಯವಸ್ಥೆ.

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ಒಂದು ಷೇರು ಲೋವರ್ ಸರ್ಕ್ಯೂಟ್‌ಗೆ ಬಡಿಯಿತು ಎನ್ನುತ್ತಾರಲ್ಲ, ಅದು ಇದಲ್ಲ. ಅಲ್ಲಿ ವ್ಯಾಪಾರ ನಿಂತಿರುವುದಿಲ್ಲ. ಆ ದಿನ ಅದಕ್ಕಿಂತ ಕೆಳಗಿನ ಬೆಲೆಗೆ ಆರ್ಡರ್ ಹಾಕುವಂತಿಲ್ಲ, ಅಷ್ಟೇ. ಆ ಬೆಲೆಗೆ ಕೊಳ್ಳುವವರು ಬಂದರೆ ಷೇರು ಕೈಬದಲಾಗುತ್ತದೆ. ಬರದಿದ್ದರೆ ಮಾರುವವರ ಸಾಲು ಬೆಳೆಯುತ್ತಾ ಹೋಗುತ್ತದೆ. ಮರುದಿನ ಮತ್ತೆ ಅದೇ ಕಥೆಯಾಗಬಹುದು. ಇಡೀ ಪೇಟೆಯ ವಿರಾಮದಲ್ಲಿ ಯಾರ ವ್ಯಾಪಾರವೂ ನಡೆಯುವುದಿಲ್ಲ, ಯಾವ ಬೆಲೆಗೂ ಇಲ್ಲ.

ಅಂಥ ದಿನ ನಿಮ್ಮ ಆರ್ಡರ್ ಬಾಕಿ ಇದ್ದರೆ ಎರಡು ವಿಷಯ ನೋಡಿಕೊಳ್ಳಿ. ವಿರಾಮದ ಹೊತ್ತಿನಲ್ಲಿ ಹಳೆಯ ಆರ್ಡರ್ ಉಳಿಯುತ್ತದೋ ರದ್ದಾಗುತ್ತದೋ ಎನ್ನುವುದು ಎಕ್ಸ್‌ಚೇಂಜಿನಿಂದ ಎಕ್ಸ್‌ಚೇಂಜಿಗೆ, ಬ್ರೋಕರ್‌ನಿಂದ ಬ್ರೋಕರ್‌ಗೆ ಬದಲಾಗುತ್ತದೆ. ಇದೆ ಎಂದುಕೊಂಡು ಕೂರಬೇಡಿ, ಆರ್ಡರ್ ಬುಕ್ ತೆರೆದು ನೋಡಿ. ಎರಡನೆಯದು ಸ್ಟಾಪ್ ಲಾಸ್. 95ಕ್ಕೆ ಸ್ಟಾಪ್ ಇಟ್ಟಿದ್ದರೆ 95 ಸಿಗುತ್ತದೆ ಎಂಬ ಖಾತರಿ ಇಲ್ಲ. ಪೇಟೆ 90ಕ್ಕೆ ತೆರೆದರೆ ಅದು ಮಾರ್ಕೆಟ್ ಆರ್ಡರ್ ಆಗಿ 90ಕ್ಕೋ ಅದಕ್ಕಿಂತ ಕೆಳಗೋ ಹೋಗುತ್ತದೆ. ಲಿಮಿಟ್, ಅಂದರೆ ಕನಿಷ್ಠ ಬೆಲೆ ಹಾಕಿದ್ದರೆ ಅದಕ್ಕಿಂತ ಕಡಿಮೆಗೆ ಹೋಗುವುದಿಲ್ಲ, ಆದರೆ ಮಾರಾಟ ಆಗದೆಯೇ ಉಳಿಯಬಹುದು. 2015ರ ಆಗಸ್ಟ್ 24ರ ಬೆಳಿಗ್ಗೆ ಅಮೆರಿಕದಲ್ಲಿ ನೂರಾರು ಷೇರುಗಳು, ಹಲವು ಷೇರುಗಳ ಗುಂಪನ್ನು ಒಂದೇ ಷೇರಿನಂತೆ ಮಾರುವ ಇಟಿಎಫ್‌ಗಳು ಬಿಡಿಬಿಡಿಯಾಗಿ ವಿರಾಮಕ್ಕೆ ಹೋದವು. ಒಳಗಿನ ಷೇರುಗಳಿಗೇ ಬೆಲೆ ಇಲ್ಲದಾಗ ಇಟಿಎಫ್‌ಗೆ ಸರಿಯಾದ ಬೆಲೆ ಕಟ್ಟುವವರೂ ಇರಲಿಲ್ಲ. ಮಾರ್ಕೆಟ್ ಆರ್ಡರ್ ಆಗಿ ಬದಲಾದ ಸ್ಟಾಪ್ ಲಾಸ್‌ಗಳು ಆಗ ಒಳಗಿನ ಷೇರುಗಳ ಮೌಲ್ಯಕ್ಕಿಂತ ಎಷ್ಟೋ ಕಡಿಮೆಗೆ ಮಾರಾಟವಾದವು. ಸ್ವಲ್ಪ ಹೊತ್ತಿನಲ್ಲೇ ಬೆಲೆ ಮರಳಿತು, ಮಾರಿದವರಿಗೆ ಷೇರು ಮರಳಲಿಲ್ಲ. ವಿರಾಮ ಮುಗಿದು ತೆರೆಯುವಾಗ ಮಾರಲೇಬೇಕು ಎಂದಿದ್ದರೆ ನಿಮಗೆ ಒಪ್ಪಿಗೆಯಾಗುವ ಕನಿಷ್ಠ ಬೆಲೆ ಬರೆದು ಲಿಮಿಟ್ ಆರ್ಡರ್ ಹಾಕಿ. ಸಾಲ ಮಾಡಿ ಕೊಂಡಿದ್ದರೆ, ವಿರಾಮದಲ್ಲೇ ಬ್ರೋಕರ್‌ಗೆ ಕರೆ ಮಾಡಿ ಮಾರ್ಜಿನ್ ಎಷ್ಟು ಕಡಿಮೆ ಬಿದ್ದಿದೆ ಎಂದು ಕೇಳಿ. ವ್ಯಾಪಾರ ಮತ್ತೆ ಶುರುವಾಗುವ ಮೊದಲೇ ಹಣ ಸೇರಿದರೆ ನಿಮ್ಮ ಷೇರನ್ನು ಆ ಮೊದಲ ನಿಮಿಷಗಳ ಬೆಲೆಗೆ ಅವರು ಮಾರಬೇಕಾಗಿ ಬರುವುದಿಲ್ಲ.